ರಾತ್ರಿ ಹನ್ನೊಂದರ ಫೋನು: ಬರೀ ಕಾಳಜಿನಾ, ಇನ್ನೇನಾದ್ರೂ ಇದೆಯಾ?

ಬಸ್ಸಲ್ಲೋ ಮೆಟ್ರೋದಲ್ಲೋ ಕೂತು ಕೇಳ್ತಾ ಇದ್ದೀರೋ, ಇಲ್ಲಾ ಲೈಟ್ ಆರಿಸಿ ಹಾಸಿಗೆ ಮೇಲೆ ಬಿದ್ಕೊಂಡು ಕೇಳ್ತಾ ಇದ್ದೀರೋ, ನಂಗೆ ಕಾಣಲ್ಲ. ಇವತ್ತಿನ ವಿಷಯ ಹಾಸಿಗೆ ಮೇಲೆ ಇರೋರಿಗೆ ಸ್ವಲ್ಪ ಹೆಚ್ಚು ಹತ್ತಿರದ್ದು.

ಬ್ರೇಕಪ್ ಆಗಿದೆ. ಹಗಲು ಹೇಗೋ ಆಫೀಸಲ್ಲಿ ಕಳೆದುಹೋಗುತ್ತೆ. ರಾತ್ರಿ ಆದ್ರೆ ಮಾತ್ರ ತಲೆ ಕೆಡುತ್ತೆ. ಆಗ ಒಬ್ಬ ಫ್ರೆಂಡ್ ಫೋನ್ ಮಾಡ್ತಾರೆ. ಊಟ ಆಯ್ತಾ ಅಂತ ಕೇಳ್ತಾರೆ, ಅಳೋಕೆ ಬಿಡ್ತಾರೆ, ಹೇಳಿದ್ದನ್ನೇ ಹತ್ತು ಸಲ ಹೇಳಿದ್ರೂ ಕೇಳಿಸ್ಕೊಳ್ತಾರೆ. ಹೀಗೆ ಒಂದು ವಾರ, ಎರಡು ವಾರ, ಎರಡು ತಿಂಗಳು. ಒಂದು ದಿನ ನಿಮ್ಮ ರೂಮ್‌ಮೇಟ್ ಕೇಳಿಬಿಡ್ತಾಳೆ: "ದಿನಾ ರಾತ್ರಿ ಇಷ್ಟು ಹೊತ್ತು ಸುಮ್ನೆ ಯಾರಾದ್ರೂ ಮಾತಾಡ್ತಾರೇನೇ?" ಅಲ್ಲಿಂದ ಶುರು. ಇದು ಕಾಳಜಿನಾ, ಇಷ್ಟಾನಾ? ನಾನು ಹೆಚ್ಚು ಯೋಚನೆ ಮಾಡ್ತಿದ್ದೀನಾ? ಕೇಳಿದ್ರೆ ಸ್ನೇಹ ಹಾಳಾಗುತ್ತಾ? ಕೇಳ್ದೇ ಇದ್ರೆ ಅವನಿಗೆ ಮೋಸ ಮಾಡ್ದಂಗಾ?

ಈ ಪ್ರಶ್ನೆ ನಂಗೆ ತುಂಬಾ ಸಲ ಬಂದಿದೆ. ಹುಡುಗೀರೂ ಕೇಳ್ತಾರೆ, ಹುಡುಗರೂ ಕೇಳ್ತಾರೆ. ಎಲ್ಲರೂ ಕೊಡೋ ಸಾಕ್ಷಿ ಒಂದೇ ಥರದ್ದು. "ದಿನಾ ಮಾಡ್ತಾನೆ." "ಎರಡು ಗಂಟೆ ಮಾತಾಡ್ತಾಳೆ." "ನಾನು ಮಲಗೋವರೆಗೂ ಇಡಲ್ಲ." ಇವತ್ತು ನಾನು ಹೇಳೋಕೆ ಹೊರಟಿರೋದು ಇಷ್ಟೇ: ಫೋನ್ ಎಷ್ಟು ಸಲ ಬರುತ್ತೆ, ಎಷ್ಟು ಹೊತ್ತು ಇರುತ್ತೆ ಅನ್ನೋದ್ರಿಂದ ಏನೂ ಗೊತ್ತಾಗಲ್ಲ. ನೀವು ಚೆನ್ನಾಗಿಲ್ಲದಾಗ ಅವರು ಹೇಗಿದ್ದರು ಅನ್ನೋದಕ್ಕಿಂತ, ನೀವು ಚೆನ್ನಾಗ್ ಆಗ್ತಾ ಹೋದ ಹಾಗೆ ಅವರು ಹೇಗಿರ್ತಾರೆ ಅನ್ನೋದನ್ನ ನೋಡಬೇಕು.

ಯಾಕೆ ಅಂತ ಬಿಡಿಸಿ ಹೇಳ್ತೀನಿ.

ಕಷ್ಟದಲ್ಲಿರೋ ಗೆಳತಿಗೆ ಒಬ್ಬ ಒಳ್ಳೇ ಸ್ನೇಹಿತ ಏನೇನು ಮಾಡ್ತಾನೆ? ಫೋನ್ ಮಾಡ್ತಾನೆ, ತಾಳ್ಮೆಯಿಂದ ಕೇಳ್ತಾನೆ, ಸಣ್ಣ ಸಣ್ಣ ವಿಷಯ ನೆನಪಿಟ್ಕೊಳ್ತಾನೆ, ನಿದ್ದೆ ಬಿಡ್ತಾನೆ. ಮನಸಲ್ಲೇ ಇಷ್ಟ ಇಟ್ಕೊಂಡಿರೋನು ಏನೇನು ಮಾಡ್ತಾನೆ? ಇದೇ ಪಟ್ಟಿ. ಒಂದು ಗೆರೆನೂ ವ್ಯತ್ಯಾಸ ಇಲ್ಲ. ಹಾಗಾಗಿ ಈ ಪಟ್ಟಿಯನ್ನ ಎಷ್ಟು ಸಲ ಓದಿದ್ರೂ ಉತ್ತರ ಸಿಗಲ್ಲ.

ಇನ್ನೊಂದು ತೊಡಕು ಇದೆ. ಆ ಫೋನೇ ಇಬ್ಬರನ್ನೂ ಹತ್ತಿರ ಮಾಡುತ್ತೆ. 1997ರಲ್ಲಿ ಆರ್ಥರ್ ಆರನ್ ಅನ್ನೋ ಮನಃಶಾಸ್ತ್ರಜ್ಞ ಮತ್ತು ಅವರ ಜೊತೆಯವರು ಒಂದು ಪ್ರಯೋಗ ಪ್ರಕಟಿಸಿದ್ರು. ಪರಿಚಯವೇ ಇಲ್ಲದ ಇಬ್ಬರನ್ನ ಕೂರಿಸಿ, 36 ಪ್ರಶ್ನೆಗಳನ್ನ ಕೊಟ್ಟು, ಒಬ್ಬರಿಗೊಬ್ಬರು ಉತ್ತರ ಹೇಳ್ಕೊಳ್ಳಿ ಅಂದ್ರು. ಪ್ರಶ್ನೆಗಳು ಹೋಗ್ತಾ ಹೋಗ್ತಾ ಹೆಚ್ಚು ಹೆಚ್ಚು ವೈಯಕ್ತಿಕ ಆಗ್ತಾ ಹೋಗುತ್ತೆ. ಸುಮಾರು 45 ನಿಮಿಷ. ಸುಮ್ನೆ ಹರಟೆ ಹೊಡೆದ ಜೋಡಿಗಳಿಗಿಂತ ಇವರಿಗೆ ಒಬ್ಬರಿಗೊಬ್ಬರು ಹೆಚ್ಚು ಹತ್ತಿರ ಅನ್ನಿಸಿತ್ತು. ಈಗ ನಿಮ್ಮ ರಾತ್ರಿ ಫೋನ್ ಯೋಚನೆ ಮಾಡಿ. ಅದು 45 ನಿಮಿಷ ಅಲ್ಲ. ಅರವತ್ತು ರಾತ್ರಿ. ಮನೆಯವರಿಗೂ ಹೇಳದೇ ಇರೋದನ್ನ ಕತ್ತಲಲ್ಲಿ ಹೇಳ್ಕೊಂಡಿದ್ದೀರಿ. ಯಾವ ಪ್ಲ್ಯಾನೂ ಇಲ್ಲದೆ, ಬರೀ ಸಹಾಯ ಮಾಡೋಣ ಅಂತ ಶುರು ಮಾಡಿದವರಿಗೂ ಆರನೇ ವಾರದಲ್ಲಿ ಮನಸ್ಸು ಬೇರೆ ಕಡೆ ವಾಲಬಹುದು. ಅದರಲ್ಲಿ ಕುತಂತ್ರ ಹುಡುಕೋ ಅಗತ್ಯ ಇಲ್ಲ.

ಹಾಗಂತ "ಛೇ, ಫ್ರೆಂಡ್ ಅಷ್ಟೇ" ಅಂತ ತಳ್ಳಿ ಹಾಕೋ ಹಾಗೂ ಇಲ್ಲ. 2021ರಲ್ಲಿ ಡಾನು ಸ್ಟಿನ್ಸನ್ ಮತ್ತು ಅವರ ಜೊತೆಯವರು ಕೆನಡಾ ಮತ್ತು ಅಮೆರಿಕದ ಸುಮಾರು 1,900 ಜನರ ಮಾಹಿತಿ ಒಟ್ಟು ಮಾಡಿ ನೋಡಿದ್ರು. ಮೂರರಲ್ಲಿ ಎರಡು ಪಾಲು ಜನರ ಸಂಬಂಧ ಮೊದಲು ಸ್ನೇಹವಾಗಿ ಶುರುವಾಗಿತ್ತು. ನಮ್ಮೂರಿನ ಲೆಕ್ಕ ಅದಲ್ಲ, ಆದ್ರೆ ಸ್ನೇಹದಿಂದ ಪ್ರೀತಿಗೆ ಹೋಗೋ ದಾರಿ ಅಪರೂಪದ್ದಲ್ಲ ಅನ್ನೋದು ಇದರಿಂದ ಗೊತ್ತಾಗುತ್ತೆ. ಅಂದ್ರೆ ನಿಮ್ಮ ರೂಮ್‌ಮೇಟ್ ಅನುಮಾನ ಪೂರ್ತಿ ಹುಚ್ಚು ಅಲ್ಲ.

ಮೂರನೇ ತೊಡಕು ನಿಮ್ಮ ಕಡೆಯದ್ದು. ಓದೋ ಕನ್ನಡಕವೇ ಸರಿ ಇಲ್ಲ. 1982ರಲ್ಲಿ ಆಂಟೋನಿಯಾ ಆಬಿ ಅನ್ನೋ ಸಂಶೋಧಕಿ ಅಮೆರಿಕದ ಒಂದು ಯೂನಿವರ್ಸಿಟಿಯಲ್ಲಿ ಒಂದು ಪ್ರಯೋಗ ಮಾಡಿದ್ರು. ಒಬ್ಬ ಹುಡುಗ, ಒಬ್ಬಳು ಹುಡುಗಿ ಐದು ನಿಮಿಷ ಮಾತಾಡ್ತಾರೆ. ಇನ್ನೊಂದು ಹುಡುಗ-ಹುಡುಗಿ ಜೋಡಿ ಮರೆಯಿಂದ ನೋಡುತ್ತೆ. ಆಮೇಲೆ ನಾಲ್ಕೂ ಜನರನ್ನ ಕೇಳಿದಾಗ, ಅದೇ ಮಾತುಕತೆಯಲ್ಲಿ ಹುಡುಗಿ ಸ್ನೇಹದಿಂದ ಇದ್ದದ್ದನ್ನ ಹುಡುಗರು "ಅವಳಿಗೆ ಇನ್ನೇನೋ ಆಸಕ್ತಿ ಇದೆ" ಅಂತ ಹೆಚ್ಚಾಗಿ ಓದಿದ್ರು. ಹುಡುಗೀರಿಗೆ ಅಷ್ಟು ಕಂಡಿರಲಿಲ್ಲ. ಮಾತು ಒಂದೇ, ಓದು ಎರಡು. ಆದ್ದರಿಂದ ನೀವು ಹುಡುಗ ಆಗಿದ್ದು, ಗೆಳತಿಯೊಬ್ಬಳು ದಿನಾ ರಾತ್ರಿ ಸಮಾಧಾನ ಮಾಡ್ತಿದ್ರೆ, "ಅವಳಿಗೆ ನನ್ನ ಮೇಲೆ ಇಷ್ಟ ಇದೆ" ಅನ್ನೋ ನಿರ್ಧಾರಕ್ಕೆ ಬರೋ ಮುಂಚೆ ಒಂದು ಹೆಜ್ಜೆ ಹಿಂದೆ ಹೋಗೋದು ಒಳ್ಳೇದು. ಅದರ ಮೇಲೆ ಬ್ರೇಕಪ್ ಆದವರಿಗೆ, ಹುಡುಗ ಆಗಲಿ ಹುಡುಗಿ ಆಗಲಿ, "ನಾನು ಇನ್ನೂ ಯಾರಿಗಾದ್ರೂ ಬೇಕಾಗಿದ್ದೀನಾ" ಅನ್ನೋ ಹಸಿವು ಇರುತ್ತೆ. ಹಸಿದವರಿಗೆ ಪಕ್ಕದ ಮನೆ ಒಗ್ಗರಣೆನೂ ತಮಗೇ ಹಾಕ್ದಂಗೆ ಅನ್ಸುತ್ತೆ.

ಸರಿ, ಹಾಗಾದ್ರೆ ನೋಡೋದು ಎಲ್ಲಿ? ಒಂದು ನಿಜವಾದ ಕೇಸ್ ಇಟ್ಕೊಂಡು ಮಾತಾಡೋಣ. ಇಬ್ಬರ ಒಪ್ಪಿಗೆ ತಗೊಂಡೇ ಹೇಳ್ತಿದ್ದೀನಿ, ಹೆಸರು ಬದಲಾಯಿಸಿದ್ದೀನಿ. ಅವಳು ಶ್ವೇತಾ, ವಯಸ್ಸು 26, ಶಿವಮೊಗ್ಗ ಕಡೆಯವಳು, ಬೆಂಗಳೂರಲ್ಲಿ ಪಿಜಿಯಲ್ಲಿದ್ದು ಕೆಲಸಕ್ಕೆ ಹೋಗ್ತಾಳೆ. ಮೂರು ವರ್ಷದ ಸಂಬಂಧ ಮುರಿದುಬಿತ್ತು. ಮಂಜು ಅವಳ ಕಾಲೇಜ್ ಫ್ರೆಂಡ್, ಈಗ ಮೈಸೂರಲ್ಲಿದ್ದಾನೆ. ಸುದ್ದಿ ಗೊತ್ತಾದ ದಿನಾನೇ ಫೋನ್ ಮಾಡಿದ. ಆಮೇಲೆ ಒಂಬತ್ತು ವಾರ, ಹೆಚ್ಚು ಕಮ್ಮಿ ದಿನಾ ರಾತ್ರಿ ಹನ್ನೊಂದಕ್ಕೆ.

ಶ್ವೇತಾ ನಂಗೆ ಬರೆದಾಗ ಅವಳೂ ಕಾಲ್ ಲಾಗ್ ಲೆಕ್ಕ ಹಾಕಿ ಕಳಿಸಿದ್ಲು. ಅದನ್ನ ಪಕ್ಕಕ್ಕಿಟ್ಟು ನಾನು ಅವಳನ್ನ ಮೂರು ವಿಷಯ ಕೇಳಿದೆ.

ಮೊದಲನೇದು. ನೀನು ಸ್ವಲ್ಪ ಸುಧಾರಿಸ್ಕೊಂಡ ದಿನ ಅವನು ಹೇಗಿದ್ದ?

ಅವಳು ನೆನಪು ಮಾಡ್ಕೊಂಡು ಹೇಳಿದ್ಲು. ನಾಲ್ಕನೇ ವಾರದ ಒಂದು ದಿನ, ಆಫೀಸಲ್ಲಿ ಒಂದು ಕೆಲಸ ಚೆನ್ನಾಗಿ ಮುಗಿದು ಖುಷಿಯಾಗಿದ್ಲು. ಹಳೇ ಹುಡುಗನ ವಿಷಯವೇ ಬಂದಿರಲಿಲ್ಲ. ಮಂಜುನೂ ತೆಗೀಲಿಲ್ಲ. "ಇವತ್ತು ನಿನ್ನ ಧ್ವನಿ ನಿನ್ನ ಹಳೇ ಧ್ವನಿ ಥರ ಇದೆ ಕಣೇ, ಬೇಗ ಮಲ್ಕೋ" ಅಂತ ಹೇಳಿ ಹದಿನೈದು ನಿಮಿಷಕ್ಕೆ ಇಟ್ಟ.

ಇದು ಯಾಕೆ ಮುಖ್ಯ ಅಂದ್ರೆ, ಕೆಲವರಿಗೆ ನಿಮ್ಮ ನೋವೇ ನಿಮ್ಮ ಹತ್ತಿರ ಬರೋಕೆ ಇರೋ ಬಾಗಿಲು. ನೀವು ಗುಣ ಆದ್ರೆ ಬಾಗಿಲು ಮುಚ್ಚುತ್ತೆ. ಆಗ ಅವರಿಗೇ ಗೊತ್ತಿಲ್ಲದ ಹಾಗೆ ಗಾಯ ಕೆದಕ್ತಾರೆ. ನೀವು ಸುಮ್ನೆ ಇದ್ರೂ "ಅವನು ಮತ್ತೆ ಮೆಸೇಜ್ ಮಾಡಿದ್ನಾ? ಸ್ಟೋರಿ ನೋಡಿದ್ಯಾ? ಅವನು ನಿಂಗೆ ತಕ್ಕವನೇ ಆಗಿರಲಿಲ್ಲ ಬಿಡು" ಅಂತ ಅಲ್ಲಿಗೇ ಎಳ್ಕೊಂಡು ಹೋಗ್ತಾರೆ. ಇದಕ್ಕೆ ಒಂದು ಎಚ್ಚರಿಕೆನೂ ಸೇರಿಸ್ತೀನಿ. ಹೀಗೆ ಕೆದಕೋದು ಇಷ್ಟದ ಗುರುತೇ ಆಗಬೇಕಾಗಿಲ್ಲ. ಅಮಾಂಡಾ ರೋಸ್ ಅನ್ನೋ ಸಂಶೋಧಕಿ 2002ರಲ್ಲಿ ಶಾಲಾ ಮಕ್ಕಳ ಸ್ನೇಹದ ಬಗ್ಗೆ ಬರೆದಾಗ ಒಂದು ವಿಷಯ ತೋರಿಸಿದ್ರು: ಒಂದೇ ಕಷ್ಟವನ್ನ ಇಬ್ಬರು ಮತ್ತೆ ಮತ್ತೆ ಅಗೆದು ಮಾತಾಡೋ ಕಡೆ ಸ್ನೇಹ ಗಟ್ಟಿ ಇತ್ತು, ಜೊತೆಗೆ ಬೇಜಾರು, ಆತಂಕನೂ ಹೆಚ್ಚಿತ್ತು. ಬರೀ ಸ್ನೇಹ ಇರೋ ಇಬ್ಬರು ಹುಡುಗೀರ ಮಧ್ಯೆನೂ ಇದು ಆಗುತ್ತೆ. ಹಾಗಾಗಿ ಫೋನ್ ಇಟ್ಟ ಮೇಲೆ ಹಗುರ ಅನ್ಸುತ್ತಾ, ಇಲ್ಲಾ ಮತ್ತೆ ಹಳೇ ಚಾಟ್ ತೆಗೆದು ಓದೋ ಹಾಗಾಗುತ್ತಾ ಅಂತ ಒಂದು ವಾರ ಗಮನಿಸಿ. ಎರಡನೇದಾದ್ರೆ, ಆ ಕಡೆ ಇಷ್ಟ ಇರಲಿ ಬಿಡಲಿ, ಆ ಫೋನ್ ನಿಮಗೆ ಔಷಧಿ ಆಗಿ ಉಳಿದಿಲ್ಲ.

ಎರಡನೇ ಪ್ರಶ್ನೆ. ನೀನು ಸಿಗದೇ ಇದ್ದಾಗ ಏನಾಯ್ತು?

ಆರನೇ ವಾರ ಅವಳ ಕಸಿನ್ ಮದುವೆ, ಸಾಗರದಲ್ಲಿ. ಮೂರು ದಿನ ನೆಟ್‌ವರ್ಕೂ ಸರಿ ಇಲ್ಲ, ಬಿಡುವೂ ಇಲ್ಲ. ಮಂಜು ಮೊದಲ ದಿನ ಒಂದು ಮೆಸೇಜ್ ಹಾಕಿದ್ದ, "ಆರಾಮಾಗಿ ಮುಗಿಸ್ಕೊಂಡು ಬಾ." ಅಷ್ಟೇ. ವಾಪಸ್ ಬಂದ ಮೇಲೆ ಊಟ ಹೇಗಿತ್ತು ಅಂತ ಕೇಳಿದ. ಮೂರು ದಿನದ ಲೆಕ್ಕ ಕೇಳಲಿಲ್ಲ.

ಮದುವೆ ಮನೆ ಅಂದಾಗ ನಂಗೆ ಮುಯ್ಯಿ ಪುಸ್ತಕ ನೆನಪಾಗುತ್ತೆ. ಯಾರು ಎಷ್ಟು ಕೊಟ್ರು ಅಂತ ಬರ್ಕೊಂಡು, ಅವರ ಮನೆ ಮದುವೆಗೆ ಅಷ್ಟೇ ವಾಪಸ್ ಕೊಡೋದು. ನಾನು ಓದಿದ್ದು ಬಿಕಾಂ, ಲೆಕ್ಕ ಬರೆಯೋದು ತಪ್ಪು ಅಂತ ನಾನು ಯಾವತ್ತೂ ಹೇಳಲ್ಲ. ಆದ್ರೆ ಕೆಲವು ಸಂಬಂಧ ಮುಯ್ಯಿ ಮೇಲೆ ನಡೆಯುತ್ತೆ, ಕೆಲವು ಮುಯ್ಯಿ ಇಲ್ಲದೆ ನಡೆಯುತ್ತೆ. ಮಾರ್ಗರೆಟ್ ಕ್ಲಾರ್ಕ್ ಮತ್ತು ಜಡ್ಸನ್ ಮಿಲ್ಸ್ 1979ರಲ್ಲಿ ಈ ಎರಡು ಬಗೆಯನ್ನ ಬೇರೆ ಮಾಡಿ ತೋರಿಸಿದ್ರು. ಒಂದರಲ್ಲಿ ಕೊಟ್ಟಿದ್ದಕ್ಕೆ ವಾಪಸ್ ಬರಬೇಕು. ಇನ್ನೊಂದರಲ್ಲಿ ಯಾರಿಗೆ ಅಗತ್ಯ ಇದೆಯೋ ಅವರಿಗೆ ಕೊಡೋದು. ಹತ್ತಿರದ ಸಂಬಂಧ ಬಯಸೋ ಕಡೆ, ಮಾಡಿದ ಸಹಾಯಕ್ಕೆ ತಕ್ಷಣ ಏನಾದ್ರೂ ವಾಪಸ್ ಕೊಟ್ಟಾಗ ಇಷ್ಟ ಕಡಿಮೆ ಆಗಿದ್ದನ್ನೂ ಅವರು ನೋಡಿದ್ರು.

ನೀವು ಸಿಗದೇ ಇದ್ದಾಗಲೇ ಯಾವ ಪುಸ್ತಕ ನಡೀತಿದೆ ಅಂತ ಗೊತ್ತಾಗೋದು. "ನಿನಗೋಸ್ಕರ ನಾನು ಎಷ್ಟು ರಾತ್ರಿ ನಿದ್ದೆ ಬಿಟ್ಟಿದ್ದೀನಿ, ನೀನು ಒಂದು ಮೆಸೇಜ್ ಮಾಡಲಿಲ್ಲ" ಅಂತ ಬಂದ್ರೆ, ಯಾರೋ ಬರೀತಾ ಇದ್ರು ಅಂತ ಅರ್ಥ. ಅದು ಪ್ರೀತಿಯ ಬಿಲ್ಲೇ ಆಗಿರಬೇಕು ಅಂತಿಲ್ಲ. ಎರಡು ತಿಂಗಳು ನಿಮ್ಮ ಕಥೆ ಕೇಳಿ, ತನ್ನದೊಂದು ಮಾತಿಗೂ ಜಾಗ ಸಿಗದೆ ಸುಸ್ತಾದ ಫ್ರೆಂಡೂ ಇದೇ ಮಾತು ಹೇಳಬಹುದು. ಅದು ನ್ಯಾಯವಾದ ಸಿಟ್ಟು. ವ್ಯತ್ಯಾಸ ಇರೋದು ಅವರು ಏನು ಕೇಳ್ತಾರೆ ಅನ್ನೋದರಲ್ಲಿ. ಸುಸ್ತಾದವರು ವಿರಾಮ ಕೇಳ್ತಾರೆ. ಕಾಯ್ತಾ ಇರೋರು ಜಾಗ ಕೇಳ್ತಾರೆ.

ಮೂರನೇ ಪ್ರಶ್ನೆ. ಮೂರನೇ ವ್ಯಕ್ತಿ ಬಂದಾಗ?

ಏಳನೇ ವಾರ. ಶ್ವೇತಾ ಮಾತಿನ ಮಧ್ಯೆ, ಆಫೀಸಿನ ಒಬ್ಬ ಹುಡುಗ ಕಾಫಿಗೆ ಕರೆದಿದ್ದ, ಹೋಗಿ ಬಂದೆ ಅಂದ್ಲು. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಓಹ್. ಒಳ್ಳೇದು." ನಾಲ್ಕು ನಿಮಿಷಕ್ಕೆ ಫೋನ್ ಇಟ್ಟ, ನಾಳೆ ಬೇಗ ಏಳಬೇಕು ಅಂತ. ಮಾರನೇ ದಿನ ಮಾಮೂಲಿನಂತೆ ಫೋನ್ ಬಂತು. ಆ ಹುಡುಗನ ಬಗ್ಗೆ ಅವನಾಗೇ ಕೇಳಲಿಲ್ಲ. ಅದಕ್ಕಿಂತ ಮುಂಚೆ ಆಫೀಸಿನ ಎಲ್ಲ ಕಥೆನೂ ಕೆದಕಿ ಕೆದಕಿ ಕೇಳ್ತಿದ್ದವನು ಅವನು.

ಇಲ್ಲಿ ಮೊದಲ ಸಲ ಏನೋ ಕಾಣ್ಸುತ್ತೆ. ಒಂದು ಮೌನದಿಂದ ತೀರ್ಪು ಕೊಡೋಕಾಗಲ್ಲ, ನಿಜ. ಗೆಳತಿ ಮತ್ತೆ ಅವಸರದಲ್ಲಿ ಬೀಳ್ತಾಳೇನೋ ಅನ್ನೋ ಹೆದರಿಕೆನೂ ಇರಬಹುದು. ಆದ್ರೆ ಹೆದರಿಕೆ ಇದ್ದವರು ಪ್ರಶ್ನೆ ಕೇಳ್ತಾರೆ: ಯಾರವನು, ಹೇಗಿದ್ದಾನೆ, ನೀನು ಹುಷಾರು. ಅದೊಂದೇ ವಿಷಯವನ್ನ ದಾಟಿಕೊಂಡು ಹೋದ್ರೆ, ಅಲ್ಲಿ ಮುಟ್ಟಿದ್ರೆ ನೋಯುತ್ತೆ ಅಂತ ತಿಳ್ಕೋಬಹುದು.

ಮೂರನ್ನೂ ಒಟ್ಟಿಗೆ ಇಟ್ಟು ನೋಡಿ. ಮೊದಲ ಎರಡು ಜಾಗದಲ್ಲಿ ಮಂಜು ಅಪ್ಪಟ ಸ್ನೇಹಿತ. ಮೂರನೇದರಲ್ಲಿ ಏನೋ ಇದೆ. "ಹಾಗಾದ್ರೆ ಯಾವುದು ನಿಜ?" ಅಂತ ಶ್ವೇತಾ ಕೇಳಿದ್ಲು. ಎರಡೂ ನಿಜ ಅಂದೆ ನಾನು.

ಅಷ್ಟು ಖಚಿತವಾಗಿ ಹೇಳೋಕೆ ಒಂದು ಕಾರಣ ಇದೆ. ಕೆಲವು ವರ್ಷದ ಹಿಂದೆ ನಾನೂ ಆ ಫೋನ್ ಮಾಡೋ ಕಡೆ ಇದ್ದೆ. ಒಬ್ಬಳು ಗೆಳತಿ, ಅವಳ ಬ್ರೇಕಪ್, ನನ್ನ ಫೋನು. ಆ ಸಮಯದಲ್ಲಿ ಯಾರಾದ್ರೂ "ನಿಂಗೆ ಅವಳ ಮೇಲೆ ಏನಾದ್ರೂ ಇದೆಯೇನೋ?" ಅಂತ ಕೇಳಿದ್ರೆ ನಾನು ಪ್ರಾಮಾಣಿಕವಾಗಿ ಇಲ್ಲ ಅಂತಿದ್ದೆ. ಅವಳು ಅಳ್ತಿದ್ದಾಗ ನನ್ನ ತಲೇಲಿ ಬೇರೆ ಏನೂ ಇರಲಿಲ್ಲ, ಇವಳಿಗೆ ನಿದ್ದೆ ಬರಬೇಕು ಅನ್ನೋದು ಬಿಟ್ಟು. ಆದ್ರೆ ಹನ್ನೊಂದು ಆಗೋಕೆ ಹತ್ತು ನಿಮಿಷ ಇರುವಾಗ್ಲೇ ಚಾರ್ಜರ್ ಹುಡುಕ್ತಿದ್ದೆ. ಒಂದು ದಿನ ಅವಳು "ಇವತ್ತು ಬೇಡ ಕಣೋ, ಚೆನ್ನಾಗಿದ್ದೀನಿ" ಅಂದಾಗ ಖುಷಿ ಆಗಬೇಕಿತ್ತು, ಆಯ್ತು ಕೂಡ, ಅದರ ಜೊತೆಗೆ ಕೆಲಸ ಕಳ್ಕೊಂಡವನ ಥರನೂ ಅನ್ಸಿತು. ಎರಡೂ ಒಟ್ಟಿಗೆ. ಒಂದು ಇನ್ನೊಂದನ್ನ ಸುಳ್ಳು ಮಾಡಲಿಲ್ಲ.

ಆದ್ದರಿಂದ "ಕಾಳಜಿನಾ, ಇಷ್ಟಾನಾ" ಅನ್ನೋ ಪ್ರಶ್ನೆಯನ್ನೇ ನಾನು ಸ್ವಲ್ಪ ತಿರುಗಿಸಿ ಕೇಳ್ತೀನಿ. ಆ ಕಾಳಜಿಗೆ ಷರತ್ತು ಇದೆಯಾ? ಮನಸಲ್ಲಿ ಆಸೆ ಇದ್ದು, ಕಾಳಜಿಗೆ ಷರತ್ತು ಇಲ್ಲದೇ ಇದ್ರೆ, ಅವನು ನಿಮ್ಮ ಸ್ನೇಹಿತನೇ. ಆಸೆನೇ ಇಲ್ಲದಿದ್ರೂ ಷರತ್ತು ಇದ್ರೆ, ಹುಷಾರಾಗಿರಿ. "ನಾನು ಇಷ್ಟು ಮಾಡಿದ ಮೇಲೂ ನೀನು" ಅಂತ ಶುರುವಾಗೋ ವಾಕ್ಯ, ಬೇರೆ ಫ್ರೆಂಡ್ಸ್ ಬಗ್ಗೆ ಚಾಡಿ, ನೀನು ಬಿಟ್ಟು ಹೋದ್ರೆ ಏನಾದ್ರೂ ಮಾಡ್ಕೊಳ್ತೀನಿ ಅನ್ನೋ ಬೆದರಿಕೆ, ಇವೆಲ್ಲ ಬಂದ ಮೇಲೆ ಅದು ಇಷ್ಟದ ಪ್ರಶ್ನೆಯಾಗಿ ಉಳಿಯಲ್ಲ. ಅಲ್ಲಿ ನೀವೊಬ್ಬರೇ ನಿಭಾಯಿಸೋಕೆ ಹೋಗಬೇಡಿ. ಮನೆಯವರಿಗೋ ಇನ್ನೊಬ್ಬ ಸ್ನೇಹಿತರಿಗೋ ಹೇಳಿ.

ಈಗ, ಅನುಮಾನ ಬಂದಿದೆ. ಮುಂದೇನು?

ತುಂಬಾ ಜನ ಮಾಡೋದು ಪರೀಕ್ಷೆ. ಬೇಕಂತಲೇ ಇನ್ನೊಬ್ಬ ಹುಡುಗನ ಕಥೆ ಹೇಳಿ ಮುಖ ನೋಡೋದು. ಅದು ಬೇಡ. ಹೊಟ್ಟೆಕಿಚ್ಚು ಕಾಣಿಸಿದ್ರೂ ಅದನ್ನ ಇಟ್ಕೊಂಡು ನೀವೇನು ಮಾಡ್ತೀರಿ? ಒಬ್ಬನನ್ನ ನೋಯಿಸಿ ತಗೊಂಡ ಉತ್ತರ ಅದು. ಮಾಮೂಲಿ ಬದುಕೇ ಪರೀಕ್ಷೆ ಮಾಡುತ್ತೆ, ಸಾಗರದ ಮದುವೆ ಥರ.

ಮೊದಲು ಫೋನಿನ ಹೊತ್ತು ಬದಲಾಯಿಸಿ. ರಾತ್ರಿ ಹನ್ನೊಂದರದ್ದನ್ನ ಸಂಜೆ ಏಳಕ್ಕೆ ತನ್ನಿ, ದಿನಾ ಇರೋದನ್ನ ವಾರಕ್ಕೆ ಮೂರು ಮಾಡಿ, ಇನ್ನೊಂದು ದಿನ ಬೇರೆ ಗೆಳತಿಗೆ ಫೋನ್ ಮಾಡಿ. ಎರಡು ವಾರ ಹೀಗೆ ನಡೆಸಿ. ಇದರಿಂದ ಮೂರು ಲಾಭ. ಅವರಿಗೆ ನಿದ್ದೆ ಸಿಗುತ್ತೆ. ಒಬ್ಬರ ಮೇಲೇ ಭಾರ ಬೀಳೋದು ತಪ್ಪುತ್ತೆ. ಜೊತೆಗೆ ನಿಮ್ಮ ಮನಸೂ ನಿಮಗೆ ಗೊತ್ತಾಗುತ್ತೆ: ಹನ್ನೊಂದು ಗಂಟೆಗೆ ನೀವು ಹುಡುಕ್ತಿರೋದು ಆ ವ್ಯಕ್ತಿಯನ್ನಾ, ಇಲ್ಲಾ ಆ ಕಡೆಯಿಂದ ಬರೋ ಯಾವುದೋ ಒಂದು ಧ್ವನಿಯನ್ನಾ? ಯಾರ ಧ್ವನಿ ಆದ್ರೂ ಸಾಕು ಅನ್ನೋ ಸ್ಥಿತಿಯಲ್ಲಿದ್ರೆ, "ನಂಗೂ ಇವನ ಮೇಲೆ ಪ್ರೀತಿ ಆಗಿದೆ" ಅಂತ ಈಗಲೇ ಹೇಳೋಕೆ ಹೋಗಬೇಡಿ.

ರಾತ್ರಿ ಮಾತಾಡೋಕೆ ಯಾರೂ ಇಲ್ಲ ಅನ್ನೋ ಭಯ ಇದ್ರೆ, ಟೆಲಿ ಮಾನಸ್ ಅಂತ ಒಂದು ಸರ್ಕಾರಿ ಸಹಾಯವಾಣಿ ಇದೆ. ನಂಬರ್ 14416. 2022ರ ಅಕ್ಟೋಬರ್‌ನಲ್ಲಿ ಶುರುವಾಯ್ತು, ದಿನದ 24 ಗಂಟೆನೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ವಾರಗಟ್ಟಲೆ ನಿದ್ದೆ ಊಟ ಸೇರದೇ ಇದ್ರೆ, ಸಾಯೋ ಯೋಚನೆ ಬರ್ತಿದ್ರೆ, ಅದು ಒಬ್ಬ ಫ್ರೆಂಡ್ ಹೊರೋ ಭಾರ ಅಲ್ಲ. ಅಲ್ಲಿಗೆ ಫೋನ್ ಮಾಡಿ, ಡಾಕ್ಟರನ್ನ ನೋಡಿ.

ಹೊತ್ತು ಬದಲಾಯಿಸಿದ ಮೇಲೂ ಅನುಮಾನ ಉಳಿದ್ರೆ, ಕೇಳಿ. ಹಗಲು ಹೊತ್ತಲ್ಲಿ ಕೇಳಿ, ಅತ್ತು ಮುಗಿಸಿದ ರಾತ್ರಿ ಒಂದು ಗಂಟೆಗೆ ಅಲ್ಲ. ಇಲ್ಲಿ ಒಂದು ವಿಷಯ ತುಂಬಾ ಜನಕ್ಕೆ ಹೊಳೆಯಲ್ಲ. "ನಿಂಗೆ ನನ್ನ ಮೇಲೆ ಏನಾದ್ರೂ ಇದೆಯಾ?" ಅಂತ ಬರೀ ಪ್ರಶ್ನೆ ಹಾಕಿದ್ರೆ, ಇದ್ದವರೂ ಇಲ್ಲ ಅಂತಾರೆ. ಯಾಕಂದ್ರೆ ಹೌದು ಅಂದ್ರೆ ಏನಾಗುತ್ತೆ ಅಂತ ಅವರಿಗೆ ಗೊತ್ತಿಲ್ಲ. ಸ್ನೇಹನೇ ಹೋಗಬಹುದು. ಆದ್ದರಿಂದ ನಿಮ್ಮ ಕಾರ್ಡ್ ಮೊದಲು ಕೆಳಗಿಡಿ. ನಿಮ್ಮ ಮನಸಲ್ಲಿ ಏನಿದೆ, ಏನಿಲ್ಲ ಅಂತ ಹೇಳಿ, ಆಮೇಲೆ ಕೇಳಿ.

ಶ್ವೇತಾ ಹಾಗೇ ಮಾಡಿದ್ಲು. ಎರಡು ವಾರ ಫೋನ್ ಕಡಿಮೆ ಮಾಡಿದ್ಲು. ಮಂಜು ಯಾಕೆ ಅಂತ ಒಂದು ಸಲ ಕೇಳಿದ, ಬೇಗ ಮಲಗೋಕೆ ನೋಡ್ತಿದ್ದೀನಿ ಅಂದಾಗ ಸರಿ ಅಂದ. ಆಮೇಲೆ ಒಂದು ಭಾನುವಾರ ಮಧ್ಯಾಹ್ನ ಅವಳು ಹೇಳಿದ್ದು ಹೆಚ್ಚು ಕಮ್ಮಿ ಹೀಗೆ: "ಮಂಜು, ಈ ಎರಡು ತಿಂಗಳು ನೀನಿಲ್ದೇ ಇದ್ರೆ ನಂಗೆ ಕಷ್ಟ ಆಗ್ತಿತ್ತು. ನೀನು ನಂಗೆ ಫ್ರೆಂಡು, ನನ್ನ ಮನಸಲ್ಲಿ ಅದಕ್ಕಿಂತ ಬೇರೆ ಇಲ್ಲ. ನಿನ್ನ ಮನಸಲ್ಲಿ ಬೇರೆ ಇದ್ರೆ ಹೇಳು, ನಾನು ಸಿಟ್ಟು ಮಾಡ್ಕೊಳಲ್ಲ. ನಿಂಗೆ ನೋವಾಗೋ ಹಾಗೆ ದಿನಾ ಫೋನ್ ಮಾಡೋದು ನಂಗೆ ಇಷ್ಟ ಇಲ್ಲ."

ಅವನು ತುಂಬಾ ಹೊತ್ತು ಸುಮ್ನಿದ್ದ ಅಂತೆ. ಆಮೇಲೆ ಅಂದ: "ಇದೆ ಕಣೇ, ಸ್ವಲ್ಪ. ಮೊದಲು ಇರಲಿಲ್ಲ. ಅದಕ್ಕೋಸ್ಕರ ಅಂತೂ ಫೋನ್ ಮಾಡಿಲ್ಲ."

ಶ್ವೇತಾ ಅದನ್ನ ನಂಬಿದ್ಲು. ಮದುವೆಯ ಮೂರು ದಿನ, ಹದಿನೈದು ನಿಮಿಷಕ್ಕೆ ಇಟ್ಟ ಆ ಫೋನು ಅವಳ ಕಣ್ಮುಂದೆ ಇತ್ತು, ನಂಬೋಕೆ ಕಾರಣ ಇತ್ತು. ಆದ್ರೆ ನಂಬೋದು ಬೇರೆ, ಹಾಗೇ ಮುಂದುವರಿಸೋದು ಬೇರೆ. ಅವನಿಗೆ ಆಸೆ ಇದೆ ಅಂತ ಗೊತ್ತಾದ ಮೇಲೂ ದಿನಾ ರಾತ್ರಿ ಅವನ ಹತ್ರ ಸಮಾಧಾನ ತಗೊಳ್ಳೋದು ಸರಿ ಇರಲ್ಲ ಅಂತ ಅವಳೇ ಹೇಳಿದ್ಲು. ಮಂಜು ಬೇಡ ಅನ್ನಲಿಲ್ಲ. ಒಂದು ತಿಂಗಳು ಫೋನ್ ಇಲ್ಲ ಅಂತ ಮಾತಾಯ್ತು. ಅದು ಆರು ವಾರ ಆಯ್ತು, ಅವನು ಕೇಳ್ಕೊಂಡಿದ್ದರಿಂದ.

ಈಗ ತಿಂಗಳಿಗೆ ಒಂದೆರಡು ಸಲ ಮಾತಾಡ್ತಾರೆ, ಸಂಜೆ ಹೊತ್ತು. ಮೊದಲಿನ ಥರ ಇಲ್ಲ. ಶ್ವೇತಾಗೆ ಅದರ ಬೇಜಾರಿದೆ, ಕೆಲವು ರಾತ್ರಿ ಹನ್ನೊಂದು ಗಂಟೆಗೆ ಅವನ ನಂಬರ್ ತೆಗೆದು ಮತ್ತೆ ಇಡ್ತಾಳಂತೆ. ಮಂಜು ನಂಗೆ ಹೇಳಿದ್ದು ಬೇರೆ. "ಅವಳು ಕೇಳಿದ್ದೇ ಒಳ್ಳೇದಾಯ್ತು. ನಾನಾಗೇ ಯಾವತ್ತೂ ಹೇಳ್ತಿರಲಿಲ್ಲ, ಹಾಗೇ ಕಾಯ್ಕೊಂಡು ಇರ್ತಿದ್ದೆ."

ಈ ಕಥೆ ನಿಮ್ಮ ವಿಷಯದಲ್ಲಿ ಬೇರೆ ಥರ ಮುಗೀಬಹುದು. ನಿಮಗೂ ಇಷ್ಟ ಇರಬಹುದು, ಆಗ ಆ ಭಾನುವಾರದ ಮಾತು ಬೇರೆ ಇರುತ್ತೆ. ಅಥವಾ ಆ ಕಡೆಯವರು ಜೋರಾಗಿ ನಕ್ಕು "ಹುಚ್ಚಿ, ನನಗೆ ನಿದ್ದೆ ಬಂದು ಸಾಯ್ತಿದ್ದೆ, ನೀನು ಫೋನ್ ಕಡಿಮೆ ಮಾಡಿದ್ದು ಪುಣ್ಯ" ಅನ್ನಬಹುದು. ಹಾಗೆ ನಕ್ಕವರೂ ನನ್ನ ಇನ್‌ಬಾಕ್ಸಲ್ಲಿ ಇದ್ದಾರೆ.

ನೀವು ಆ ಫೋನ್ ಮಾಡೋ ಕಡೆ ಇದ್ರೆ, ನಿಮ್ಮ ಕಥೆನೂ ಬರೆದು ಕಳಿಸಿ. ಹೆಸರು ಬೇಡ. ಆ ಕಡೆಯಿಂದ ಬರೋ ಪತ್ರ ನಂಗೆ ಯಾವಾಗಲೂ ಕಮ್ಮಿ. ಮುಂದಿನ ವಾರ ಸಿಗೋಣ, ನಮಸ್ಕಾರ.